ರಾತ್ರಿ ಹತ್ತಕ್ಕೆ ಹಾಸಿಗೆ, ಬೆಳಗ್ಗೆ ಆರಕ್ಕೆ ಆಸನ

ಸ್ಲೀಪರ್ ಕೋಚಿನಲ್ಲಾಗಲಿ, ತ್ರೀ ಟಯರ್ ಎಸಿಯಲ್ಲಾಗಲಿ, ಮಿಡಲ್ ಬರ್ತ್ ಹಗಲು ಹೊತ್ತಿನಲ್ಲಿ ಹಾಸಿಗೆಯಾಗಿ ಇರುವುದೇ ಇಲ್ಲ. ಮಡಚಿದಾಗ ಅದು ಲೋವರ್ ಬರ್ತಿನಲ್ಲಿ ಕೂತವರ ಬೆನ್ನಿಗೆ ಒರಗು. ಎತ್ತಿ ಕೊಕ್ಕೆ ಸಿಕ್ಕಿಸಿದರೆ ಮಲಗುವ ಜಾಗ. ಹಾಗೆ ಎತ್ತಿದ ಮೇಲೆ ಕೆಳಗೆ ಕೂತವರು ತಲೆ ನೇರವಾಗಿ ಇಟ್ಟುಕೊಳ್ಳಲಾರರು, ಕುತ್ತಿಗೆ ಬಗ್ಗಿಸಿಯೇ ಕೂರಬೇಕು. ಅಂದರೆ ಮಿಡಲ್ ಬರ್ತಿನವರು ಮಲಗಿರುವಷ್ಟು ಹೊತ್ತು ಕೆಳಗಿನವರಿಗೆ ಕೂರುವ ಜಾಗವಿಲ್ಲ. ಕೆಳಗಿನವರು ಕೂತಿರುವಷ್ಟು ಹೊತ್ತು ಮಿಡಲ್‌ನವರಿಗೆ ಹಾಸಿಗೆಯಿಲ್ಲ. ಅದಕ್ಕಾಗಿಯೇ ರೈಲ್ವೆ ದಿನವನ್ನು ಗಡಿಯಾರದ ಮೇಲೆ ಎರಡು ಪಾಲು ಮಾಡಿದೆ.

ಮೊದಲು ಮಲಗುವ ಹೊತ್ತು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಇತ್ತು. ಕೆಲವರು ರೈಲು ಹತ್ತಿದ ಕೂಡಲೇ ಮಲಗಿಬಿಡುತ್ತಾರೆ, ಉಳಿದವರಿಗೆ ಕೂರಲು ಜಾಗವಿಲ್ಲ ಎಂಬ ದೂರುಗಳು ಹೆಚ್ಚಿದ್ದರಿಂದ 2017ರ ಆಗಸ್ಟ್ ಕೊನೆಯಲ್ಲಿ ರೈಲ್ವೆ ಮಂಡಳಿ ಸುತ್ತೋಲೆ ಹೊರಡಿಸಿ ಒಂದು ಗಂಟೆ ಕಡಿಮೆ ಮಾಡಿತು. ಈಗ ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ಉಳಿದ ಹದಿನಾರು ಗಂಟೆ ಆ ಜಾಗದಲ್ಲಿ ರಿಸರ್ವೇಶನ್ ಇರುವ ಇತರ ಪ್ರಯಾಣಿಕರೂ ಕೂರಬಹುದು. ಲೋವರ್ ಬರ್ತ್ ಟಿಕೆಟ್ ಕೈಯಲ್ಲಿದ್ದರೆ ಆ ಸೀಟು ಇಡೀ ಪ್ರಯಾಣಕ್ಕೆ ತಮ್ಮೊಬ್ಬರದೇ ಎಂದು ನಂಬಿದವರು ಬಹಳ ಜನ. ಅದು ನಿಜವಲ್ಲ. ಟಿಕೆಟ್ ಕೊಡುವುದು ರಾತ್ರಿಗೆ ಒಂದು ಹಾಸಿಗೆ, ಹಗಲಿಗೆ ಒಬ್ಬರು ಕೂರುವಷ್ಟು ಜಾಗ, ಅಷ್ಟೇ.

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಇದನ್ನು ತಿಳಿಯಲು ಒಳ್ಳೆಯ ಉದಾಹರಣೆ. ಸಂಜೆ ಹೊರಟು, ಎರಡು ರಾತ್ರಿ ಮತ್ತು ನಡುವಿನ ಒಂದು ಪೂರ್ತಿ ಹಗಲು ಕಳೆದು ಮೂರನೇ ದಿನ ತಲುಪುವ ರೈಲು ಅದು. ಸ್ಲೀಪರ್ ಕೋಚಿನ 17ರಿಂದ 24ನೇ ನಂಬರಿನವರೆಗಿನ ಒಂದು ಕೂಪೆಯನ್ನು ಕಲ್ಪಿಸಿಕೊಳ್ಳಿ. 17 ಲೋವರ್, 18 ಮಿಡಲ್, 19 ಅಪ್ಪರ್. ಎದುರಿಗೆ ಇದೇ ಕ್ರಮದಲ್ಲಿ 20, 21, 22. ದಾರಿಯ ಆಚೆ ಕಿಟಕಿ ಪಕ್ಕ 23 ಸೈಡ್ ಲೋವರ್, ಅದರ ಮೇಲೆ 24 ಸೈಡ್ ಅಪ್ಪರ್. 17ರಲ್ಲಿ ಮಂಡಿನೋವಿನ ಒಬ್ಬ ಅಜ್ಜಿ, 18ರಲ್ಲಿ ಕಾಲೇಜು ಹುಡುಗ, 19ರಲ್ಲಿ ಕೆಲಸಕ್ಕೆ ಹೊರಟ ಒಬ್ಬರು ಎಂದಿಟ್ಟುಕೊಳ್ಳೋಣ.

ಸಂಜೆ ಎಂಟೂವರೆಗೆ ಊಟ ಮುಗಿಸಿದ ಅಜ್ಜಿಗೆ ಮಲಗುವ ಆಸೆ. ನಿಯಮದ ಪ್ರಕಾರ ಹತ್ತರವರೆಗೆ ಅದು ಮೂವರು ಕೂರುವ ಸೀಟು. 18, 19ರವರು ಒಪ್ಪಿದರೆ ಮಾತ್ರ ಬೇಗ ಮಿಡಲ್ ಎತ್ತಬಹುದು. ಇಲ್ಲಿ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. 19ರವರು ಮೇಲೆ ಹತ್ತಿಕೊಂಡರೆ ಮುಗಿಯಿತು. ತೊಂದರೆ ಬರುವುದು ಇದರ ತಿರುವುಮುರುವಿನಲ್ಲಿ. ಹತ್ತೂಕಾಲಾದರೂ ಅಜ್ಜಿಯ ಮನೆಯವರು ಬೇರೆ ಕೋಚಿನಿಂದ ಬಂದು ಕೆಳಗೆ ಕೂತು ಮಾತಾಡುತ್ತಿದ್ದಾರೆ, ಹುಡುಗ ನಿದ್ದೆಗಣ್ಣಲ್ಲಿ ನಿಂತಿದ್ದಾನೆ. ಈಗ ಹಕ್ಕು ಪೂರ್ತಿ ಹುಡುಗನದು. "ಅಮ್ಮಾ, ಹತ್ತಾಯ್ತು, ಸ್ವಲ್ಪ ಏಳ್ತೀರಾ, ಬರ್ತ್ ಹಾಕ್ಕೋತೀನಿ" ಎಂದು ಅವನು ಕೇಳಿದರೆ ಎದ್ದು ಜಾಗ ಬಿಡಲೇಬೇಕು. ಈ ಇಡೀ ಏರ್ಪಾಡಿನಲ್ಲಿ ಹೆಚ್ಚು ಅನ್ಯಾಯ ಅನುಭವಿಸುವವರು ಮಿಡಲ್ ಬರ್ತಿನವರೇ ಎಂಬುದು ನನ್ನ ಅಭಿಪ್ರಾಯ. ಅಪ್ಪರ್‌ನವರು ಯಾವಾಗ ಬೇಕಾದರೂ ಹತ್ತಿ ಮಲಗಬಹುದು. ಮಿಡಲ್‌ನವರಿಗೆ ಹಗಲು ಕೂರಲೂ ಲೋವರೇ ಬೇಕು, ರಾತ್ರಿ ಮಲಗಲೂ ಲೋವರ್‌ನವರು ಏಳಬೇಕು.

ಬೆಳಗ್ಗೆ ಆರಾಯಿತು. ಅಜ್ಜಿ ಎದ್ದು ಕೂರಬೇಕು, ಹುಡುಗ ಇನ್ನೂ ಗಾಢ ನಿದ್ದೆಯಲ್ಲಿದ್ದಾನೆ. ಈಗ ಹಕ್ಕು ಅಜ್ಜಿಯ ಕಡೆಗೆ ಬಂತು. ಆಕೆ ಕೇಳಿದರೆ ಬರ್ತ್ ಇಳಿಸಬೇಕು. ನಿದ್ದೆ ಸಾಲದಿದ್ದರೆ, 19ರವರು ಕೆಳಗಿಳಿದು ಕೂರಲು ಒಪ್ಪಿದಾಗ ಹುಡುಗ ಅವರ ಜಾಗಕ್ಕೆ ಹತ್ತಿಕೊಳ್ಳಬಹುದು. ಅದು ಅವರಿಬ್ಬರ ಹೊಂದಾಣಿಕೆ.

ಮಧ್ಯಾಹ್ನ ಎರಡು ಗಂಟೆಗೆ ಅಜ್ಜಿಯ ಮಂಡಿ ನೋವು ಹೆಚ್ಚಾಗಿ ಕಾಲು ಚಾಚಬೇಕು ಎನ್ನಿಸುತ್ತದೆ. ಸುತ್ತೋಲೆಯಲ್ಲಿ ಇದಕ್ಕೊಂದು ದಾರಿಯಿದೆ. ಕಾಯಿಲೆಯವರು, ಅಂಗವಿಕಲರು ಮತ್ತು ಗರ್ಭಿಣಿಯರು ನಿಗದಿತ ಹೊತ್ತು ಮೀರಿ ಮಲಗಬೇಕಾದರೆ ಸಹಪ್ರಯಾಣಿಕರು ಸಹಕರಿಸಬೇಕು ಎಂದು ಅದು ಕೋರುತ್ತದೆ. ಇದು ಕೋರಿಕೆ, ಆಜ್ಞೆಯಲ್ಲ. ವಯಸ್ಸಾದವರು ಎಂಬ ಮಾತು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ "ನನಗೆ ವಯಸ್ಸಾಗಿದೆ" ಎನ್ನುವುದಕ್ಕಿಂತ "ಮಂಡಿ ತುಂಬಾ ನೋಯ್ತಿದೆ ಕಣಪ್ಪಾ, ಒಂದು ಗಂಟೆ ಮಲಗ್ತೀನಿ" ಎಂದು ಹೇಳಿ ಕೇಳಿದರೆ ನಿಯಮವೂ ಅಜ್ಜಿಯ ಜೊತೆಗಿರುತ್ತದೆ, ಹುಡುಗನ ಮನಸ್ಸೂ ಒಪ್ಪುತ್ತದೆ.

ದಾರಿಯ ಆಚೆಗಿನ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮಿಡಲ್ ಇಲ್ಲ. ಹಗಲು 23ರ ಸೀಟನ್ನು 24ರವರ ಜೊತೆ ಹಂಚಿಕೊಳ್ಳಬೇಕು, ಆದರೆ ರಾತ್ರಿ 10ರಿಂದ 6ರವರೆಗೆ ಸೈಡ್ ಅಪ್ಪರ್‌ನವರಿಗೆ ಕೆಳಗಿನ ಬರ್ತಿನ ಮೇಲೆ ಯಾವ ಹಕ್ಕೂ ಇಲ್ಲ ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳಿದೆ. 23 ಆರ್‌ಎಸಿ ಆಗಿದ್ದರೆ ಇಬ್ಬರು ಅಪರಿಚಿತರು ಆ ಒಂದೇ ಬರ್ತಿನಲ್ಲಿ ರಾತ್ರಿ ಕಳೆಯುತ್ತಾರೆ; ಅಂಥ ಕಡೆ ಸೈಡ್ ಅಪ್ಪರ್‌ನವರು ರಾತ್ರಿ ಕೆಳಗೆ ಬಂದು ಕೂರುವುದು ಅವರಿಗೆ ನಿಜವಾದ ಹಿಂಸೆ.

ಮಿಡಲ್ ಎತ್ತುವ ಕೆಲಸವನ್ನು ಹಗುರವಾಗಿ ನೋಡಬಾರದು. 2024ರ ಜೂನ್‌ನಲ್ಲಿ ಎರ್ನಾಕುಲಂನಿಂದ ನಿಜಾಮುದ್ದೀನ್‌ಗೆ ಹೊರಟಿದ್ದ ರೈಲಿನಲ್ಲಿ, ತೆಲಂಗಾಣದ ದಾರಿಯಲ್ಲಿ, ಮೇಲಿನ ಬರ್ತ್ ಕಳಚಿ ಕೆಳಗೆ ಮಲಗಿದ್ದ ಹಿರಿಯರೊಬ್ಬರ ಮೇಲೆ ಬಿತ್ತು. ಅವರು ಬದುಕಲಿಲ್ಲ. ಬರ್ತ್ ಮುರಿದಿರಲಿಲ್ಲ, ಅದರ ಸರಪಳಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದು ರೈಲ್ವೆ ಹೇಳಿತು. ಆದ್ದರಿಂದ ಕೆಳಗೆ ಕೂತವರೆಲ್ಲ ಎದ್ದ ಮೇಲೆಯೇ ಬರ್ತನ್ನು ಎತ್ತಿ. ಎರಡೂ ಬದಿಯ ಕೊಕ್ಕೆ ಪೂರ್ತಿ ಕೂತಿದೆಯೇ ಎಂದು ಕಣ್ಣಲ್ಲಿ ನೋಡಿ, ಕೈಯಿಂದ ಜೋರಾಗಿ ಕೆಳಕ್ಕೆ ಜಗ್ಗಿ ಪರೀಕ್ಷಿಸಿ, ಆಮೇಲೆ ಹತ್ತಿ. ಒಂದು ಬದಿ ತುಸು ತಗ್ಗಿದಂತೆ ಕಂಡರೆ ಆ ಕಡೆಯ ಕೊಕ್ಕೆ ಕೂತಿಲ್ಲ ಎಂದೇ ತಿಳಿಯಿರಿ. ಇಳಿಸುವಾಗಲೂ ಒಬ್ಬರು ಭಾರ ಹಿಡಿದು ಇನ್ನೊಬ್ಬರು ಕೊಕ್ಕೆ ಬಿಡಿಸುವುದು ಒಳ್ಳೆಯದು. ಕೊಕ್ಕೆ ಸವೆದಿದ್ದರೆ ಅದರಲ್ಲಿ ಮಲಗದೆ ಟಿಟಿಇಗೆ ತಿಳಿಸಿ.

ಮಾತಿಗೆ ಮಾತು ಬೆಳೆದಾಗ ತೀರ್ಮಾನ ಹೇಳಬೇಕಾದವರೂ ಟಿಟಿಇಯೇ. ಅವರು ಸಿಗದಿದ್ದರೆ 139ಕ್ಕೆ ಕರೆ ಮಾಡಿ ಪಿಎನ್‌ಆರ್, ಕೋಚು ಮತ್ತು ಬರ್ತ್ ನಂಬರ್ ಹೇಳಬಹುದು.

ಆದರೆ ಅರ್ಧ ಜಗಳವನ್ನು ಟಿಕೆಟ್ ಮಾಡುವಾಗಲೇ ತಪ್ಪಿಸಬಹುದು. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಮತ್ತು ಗರ್ಭಿಣಿಯರಿಗೆ ಲೋವರ್ ಬರ್ತಿನ ಪ್ರತ್ಯೇಕ ಕೋಟಾ ಇದೆ. ಹತ್ತಲಾರದವರು ಅದನ್ನು ಬಳಸಿಕೊಳ್ಳಲಿ. ಹಗಲೂ ಮಲಗಿಯೇ ಹೋಗಬೇಕು ಎನ್ನುವ ಗಟ್ಟಿಮುಟ್ಟಿನವರು ಲೋವರ್ ಕೇಳಬೇಡಿ, ಅಪ್ಪರ್ ಕೇಳಿ. ಅಲ್ಲಿ ನಿಮ್ಮನ್ನು ಬೆಳಗ್ಗೆ ಆರಕ್ಕೆ ಏಳಿಸುವ ಹಕ್ಕು ಪಕ್ಕದವರಿಗಿಲ್ಲ.