ಕಿವಿಗೆ ಕೇಳಿಸದ ಬ್ರಾಕೆಟ್ಟು

"ಒನ್ ಬೈ ಟೂ ಪೈ ರೂಟ್ ಕೆ ಬೈ ಎಂ."

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಸಾಲು ಪರಿಚಿತ. ಸ್ಪ್ರಿಂಗಿಗೆ ತೂಗುಹಾಕಿದ ತೂಕದ ಬಟ್ಟು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ, ಅಂದರೆ ಅದರ ಆವೃತ್ತಿ ಎಷ್ಟು ಎಂದು ಹೇಳುವ ಸೂತ್ರವಿದು. ಮೇಷ್ಟ್ರು ಒಂದೇ ಉಸಿರಿಗೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಕೈ ಬೋರ್ಡಿನ ಮೇಲೆ ಗೆರೆ ಎಳೆದಿರುತ್ತದೆ. ಎದುರು ಕೂತವರಿಗೆ ಗೊಂದಲವಿಲ್ಲ. ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ರಾತ್ರಿ ಕೂತು ಅದರ ಸಾರಾಂಶ ಬರೆಯುವವರ ಪಾಡೇ ಬೇರೆ. ವರ್ಗಮೂಲದ ಚಾವಣಿ k ಒಂದರ ಮೇಲಿದೆಯೋ, m ಅನ್ನೂ ಮುಚ್ಚಿದೆಯೋ? ಭಾಗಾಕಾರದ ಗೆರೆ ಎಲ್ಲಿಗೆ ನಿಂತಿತು? ಅದೇ ಧ್ವನಿಯನ್ನು ಕನಿಷ್ಠ ಮೂರು ರೀತಿ ಬರೆಯಬಹುದು:

```
(1/2π) √(k/m)
(1/2π) (√k)/m
1 / (2π √(k/m))
```

ಕಾಗದದ ಮೇಲೆ ಗಣಿತ ಮೇಲೆ, ಕೆಳಗೆ, ಒಳಗೆ, ಹೊರಗೆ ಎಂದು ಹರಡಿಕೊಂಡಿರುತ್ತದೆ. ಬಾಯಿಂದ ಬರುವಾಗ ಎಲ್ಲವೂ ಒಂದೇ ಸಾಲಿಗೆ ಬಂದು ನಿಲ್ಲಬೇಕು. ಈ ಕಷ್ಟವನ್ನು ದಿನವೂ ಉಂಡವರು ಅಮೆರಿಕದ ಅಬ್ರಹಾಂ ನೆಮೆತ್. ಹುಟ್ಟು ಕುರುಡರಾಗಿದ್ದೂ ಡೆಟ್ರಾಯಿಟ್‌ನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು, ಗಣಿತಕ್ಕೆ ಬ್ರೈಲ್ ಲಿಪಿಯ ಸಂಕೇತಗಳನ್ನು ರೂಪಿಸಿದವರು. ಬೇರೆಯವರು ತಮಗೆ ಪುಸ್ತಕ ಓದಿ ಹೇಳುವಾಗ ಪಾಲಿಸಬೇಕಾದ ಕ್ರಮವನ್ನೂ ಅವರು ಕಟ್ಟಿದರು. ಭಿನ್ನರಾಶಿ ಬಂದರೆ 'ಭಿನ್ನ ಶುರು' ಎಂದು ಹೇಳಬೇಕು, ಮುಗಿದಾಗ 'ಭಿನ್ನ ಮುಗಿಯಿತು' ಎನ್ನಬೇಕು. ವರ್ಗಮೂಲಕ್ಕೂ ಹಾಗೆಯೇ. ಕೇಳಲು ಬೇಸರ, ಆದರೆ ಎರಡರ್ಥಕ್ಕೆ ಜಾಗವಿಲ್ಲ.

ನಮ್ಮ ತರಗತಿಗಳಲ್ಲೂ ಇಂಥದೊಂದು ಉಪಾಯ ತಾನಾಗಿ ಬೆಳೆದಿದೆ. "ಎ ಪ್ಲಸ್ ಬಿ ಹೋಲ್ ಸ್ಕ್ವೇರ್" ಎನ್ನುತ್ತಾರಲ್ಲ, ಆ 'ಹೋಲ್' ಎಂಬುದೇ ಬಾಯಿಯ ಬ್ರಾಕೆಟ್ಟು. ಸಾರಾಂಶ ಬರೆಯುವವರು ಅದನ್ನು ಸುಮ್ಮನೆ ಸೇರಿಕೊಂಡ ಮಾತೆಂದು ಬಿಟ್ಟರೆ (a + b)² ಹೋಗಿ a + b² ಆಗುತ್ತದೆ. a ಮೂರು, b ನಾಲ್ಕಾದರೆ 49ರ ಜಾಗದಲ್ಲಿ 19 ಬಂದು ಕೂರುತ್ತದೆ. 'ನಾಟ್' ಎಂಬುದೂ ಹೀಗೆ ಮೋಸ ಮಾಡುವ ಪದ. "ವಿ ನಾಟ್" ಎಂದರೆ v₀, ಆರಂಭದ ವೇಗ. ಅದನ್ನು 'ಅಲ್ಲ' ಎಂಬ ಇಂಗ್ಲಿಷ್ ಪದವಾಗಿ ಬರೆದುಕೊಂಡರೆ ವಾಕ್ಯದ ಅರ್ಥವೇ ತಿರುಗಿಬೀಳುತ್ತದೆ. "ಮೀಟರ್ ಪರ್ ಸೆಕೆಂಡ್ ಸ್ಕ್ವೇರ್" ಎಂದಾಗ ವರ್ಗ ಆಗುವುದು ಸೆಕೆಂಡು ಮಾತ್ರ. ಅದು ವೇಗೋತ್ಕರ್ಷದ ಏಕಮಾನ, ವೇಗದ ವರ್ಗವಲ್ಲ.

ಮತ್ತೆ ಸ್ಪ್ರಿಂಗಿಗೆ ಬರೋಣ. ವಿಡಿಯೊ ಇದ್ದರೆ ಆ ಕ್ಷಣದಲ್ಲಿ ನಿಲ್ಲಿಸಿ ಬೋರ್ಡು ನೋಡುವುದೇ ಮೊದಲ ಕೆಲಸ. 1961ರಿಂದ 1963ರವರೆಗೆ ಕ್ಯಾಲ್ಟೆಕ್‌ನಲ್ಲಿ ರಿಚರ್ಡ್ ಫೈನ್‌ಮನ್ ಮಾಡಿದ ಪಾಠಗಳನ್ನು ಪುಸ್ತಕವಾಗಿಸಲು ಹೊರಟವರು ಧ್ವನಿಯನ್ನು ಟೇಪಿನಲ್ಲಿ ಹಿಡಿದದ್ದಷ್ಟೇ ಅಲ್ಲ, ಬೋರ್ಡಿನ ಫೋಟೊಗಳನ್ನೂ ತೆಗೆಸಿದ್ದರು. ಆದರೆ ಬರೀ ಧ್ವನಿಯಷ್ಟೇ ಕೈಯಲ್ಲಿದ್ದರೆ? ಆಗ ಏಕಮಾನಗಳನ್ನು ಸಾಕ್ಷಿಗೆ ಕರೆಯಬೇಕು.

k ಎಂದರೆ ಸ್ಪ್ರಿಂಗಿನ ಬಿಗಿ. ಅದನ್ನು ಒಂದು ಮೀಟರ್ ಎಳೆಯಲು ಎಷ್ಟು ನ್ಯೂಟನ್ ಬಲ ಬೇಕೆಂಬ ಲೆಕ್ಕ. ನ್ಯೂಟನ್ನನ್ನು ಬಿಡಿಸಿದರೆ kg·m/s². ಅದನ್ನು ಮೀಟರಿನಿಂದ ಭಾಗಿಸಿದಾಗ ಉಳಿಯುವುದು kg/s². ಇದನ್ನು ದ್ರವ್ಯರಾಶಿ m ನಿಂದ ಭಾಗಿಸಿದರೆ ಕಿಲೊಗ್ರಾಂ ಹೊಡೆದುಹೋಗಿ 1/s² ಸಿಗುತ್ತದೆ, ಅದರ ವರ್ಗಮೂಲ 1/s. 'ಸೆಕೆಂಡಿಗೆ ಇಷ್ಟು ಸಲ' ಎನ್ನಲು ಬೇಕಾದದ್ದು ಇದೇ, ಹಾಗಾಗಿ ಮೊದಲ ಬರಹ ಉಳಿಯಿತು. ಎರಡನೆಯದರಲ್ಲಿ ಕಿಲೊಗ್ರಾಮಿನ ವರ್ಗಮೂಲ ಛೇದದಲ್ಲಿ ಅನಾಥವಾಗಿ ಉಳಿಯುತ್ತದೆ. ಮೂರನೆಯದರ ಉತ್ತರ ಸೆಕೆಂಡಿನಲ್ಲಿ ಬರುತ್ತದೆ, ಅದು ಕಾಲ, ಆವೃತ್ತಿಯಲ್ಲ. ಬೋರ್ಡು ನೋಡದೆಯೇ ಎರಡು ಬರಹ ಬಿದ್ದುಹೋದವು.

ಈ ಪರೀಕ್ಷೆಗೂ ಒಂದು ಕುರುಡು ಮೂಲೆ ಇದೆ. 2π ಬರೀ ಸಂಖ್ಯೆ, ಅದಕ್ಕೆ ಏಕಮಾನವಿಲ್ಲ. ಅದು ಬಿಟ್ಟುಹೋದರೂ ಏಕಮಾನ ತುಟಿ ಬಿಚ್ಚುವುದಿಲ್ಲ. ಪಾಠದಲ್ಲಿ k 200 N/m, ಬಟ್ಟಿನ ತೂಕ 500 ಗ್ರಾಂ ಎಂದುಕೊಳ್ಳಿ. ಮೇಷ್ಟ್ರು "ಇನ್ನೂರು ಬೈ ಪಾಯಿಂಟ್ ಫೈವ್, ನಾನೂರು, ರೂಟ್ ತೆಗೆದರೆ ಇಪ್ಪತ್ತು" ಎನ್ನುತ್ತಾರೆ. ಈ ಇಪ್ಪತ್ತು ಕೋನೀಯ ಆವೃತ್ತಿ, ಸೆಕೆಂಡಿಗೆ 20 ರೇಡಿಯನ್. ಅದನ್ನು 2π ಯಿಂದ, ಅಂದರೆ ಸುಮಾರು 6.28ರಿಂದ ಭಾಗಿಸಿದಾಗ ಬರುವ 3.18 ಹರ್ಟ್ಸ್ ನಿಜವಾದ ಆವೃತ್ತಿ. ಅವಸರದಲ್ಲಿ 'ಆವೃತ್ತಿ 20 Hz' ಎಂದು ಬರೆದುಬಿಡುವುದು ತೀರ ಸುಲಭ, ಏಕೆಂದರೆ ಎರಡೂ 1/s ಲೆಕ್ಕದವೇ.

ಇದನ್ನು ಹಿಡಿಯುವುದು ಅಂಕಿ. ಅದೇ ಪಾಠದಲ್ಲಿ ಮುಂದೆ ಮೇಷ್ಟ್ರು ಬಟ್ಟನ್ನು ಎಳೆದು ಬಿಟ್ಟು, ಗಟ್ಟಿಯಾಗಿ ಹತ್ತು ಆಟ ಎಣಿಸಿ, "ಮೂರು ಸೆಕೆಂಡಿನ ಮೇಲೆ ಚೂರು" ಎಂದರೆ ಅದೇ ತೀರ್ಪು. 3.18 ಹರ್ಟ್ಸ್ ಸರಿಯಾದರೆ ಹತ್ತು ಆಟಕ್ಕೆ 3.14 ಸೆಕೆಂಡು ಬೇಕು. 20 ಹರ್ಟ್ಸ್ ಆಗಿದ್ದರೆ ಅರ್ಧ ಸೆಕೆಂಡಿನಲ್ಲಿ ಹತ್ತೂ ಮುಗಿದಿರಬೇಕಿತ್ತು, ಬಾಯಲ್ಲಿ ಎಣಿಸುವ ಮಾತೇ ಇರುತ್ತಿರಲಿಲ್ಲ. ಗ್ರಾಮನ್ನು ಕಿಲೊಗ್ರಾಂ ಮಾಡದೆ ಸೂತ್ರಕ್ಕೆ 500 ಹಾಕಿದವರಿಗೆ ಬರುವುದು 0.1 ಹರ್ಟ್ಸ್. ಆ ಲೆಕ್ಕದಲ್ಲಿ ಹತ್ತು ಆಟಕ್ಕೆ ಹತ್ತಿರ ಹತ್ತಿರ ನೂರು ಸೆಕೆಂಡು! ಸಾರಾಂಶ ಬರೆಯುವವರು ಪ್ರಯೋಗದ ಭಾಗವನ್ನು 'ಮುಖ್ಯವಲ್ಲ' ಎಂದು ಕತ್ತರಿಸುವುದುಂಟು. ಸೂತ್ರವನ್ನು ಒರೆಗೆ ಹಚ್ಚುವ ಕಲ್ಲೇ ಅದು. ಕತ್ತರಿಸುವುದಾದರೆ ಲೆಕ್ಕ ತಾಳೆ ನೋಡಿದ ಮೇಲೆ ಕತ್ತರಿಸಬೇಕು.

ಚಿಹ್ನೆಯ ತಪ್ಪು ಇನ್ನೂ ನುಣುಚು. ಸ್ಪ್ರಿಂಗಿನ ಬಲಕ್ಕೆ ಮೇಷ್ಟ್ರು ಪಾಠದ ಶುರುವಿನಲ್ಲಿ F = kx ಎಂದು ಬರೆದುಬಿಡುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಹಿಂದಿನ ಬೆಂಚಿನಿಂದ ಯಾರೋ "ಸರ್, ಮೈನಸ್?" ಎನ್ನುತ್ತಾರೆ. "ಹೌದಪ್ಪ, ಹಾಕ್ಕೊಳ್ಳಿ" ಎಂದು ಮೇಷ್ಟ್ರು ಮುಂದೆ ಹೋಗುತ್ತಾರೆ. ಮೈನಸ್ಸಿಗೂ ಏಕಮಾನವಿಲ್ಲ, ಬಲದ ಪ್ರಮಾಣವೂ ಬದಲಾಗುವುದಿಲ್ಲ. ಇಲ್ಲಿ ಕೇಳಬೇಕಾದ್ದು ಬಟ್ಟು ಯಾವ ಕಡೆ ಹೋಗುತ್ತದೆ ಎಂದು. ಮೈನಸ್ ಇಲ್ಲದಿದ್ದರೆ ಕೆಳಗೆ ಎಳೆದ ಬಟ್ಟನ್ನು ಸ್ಪ್ರಿಂಗು ಇನ್ನೂ ಕೆಳಕ್ಕೇ ತಳ್ಳಬೇಕಾಗುತ್ತದೆ, ವಾಪಸು ಬರುವುದೇ ಇಲ್ಲ. ಧ್ವನಿಯಲ್ಲಿ ಈ ತಿದ್ದುಪಡಿ ಇರುವುದು ಎರಡು ಸೆಕೆಂಡು ಮಾತ್ರ. ಹಿಂದಿನ ಬೆಂಚಿನ ದನಿ ಮೈಕಿಗೆ ಸರಿಯಾಗಿ ಸಿಕ್ಕಿರುವುದೂ ಅನುಮಾನ.

ಆದ್ದರಿಂದ ನುರಿತವರು ಸೂತ್ರಗಳನ್ನು ಕೇಳುತ್ತಾ ಕೇಳುತ್ತಾ ಅಚ್ಚುಕಟ್ಟು ಪ್ರತಿಗೆ ಇಳಿಸುವುದಿಲ್ಲ. ಬೇರೆ ಹಾಳೆಯಲ್ಲಿ ಸೂತ್ರ, ಪ್ರತಿ ಅಕ್ಷರದ ಅರ್ಥ, ಏಕಮಾನ, ಅದು ಬಂದ ನಿಮಿಷ ಇಷ್ಟನ್ನು ಬರೆದುಕೊಂಡು, ಪಾಠ ಪೂರ್ತಿ ಮುಗಿದ ಮೇಲೆ ಸಾರಾಂಶಕ್ಕೆ ಸೇರಿಸುತ್ತಾರೆ. ಅಲ್ಲಿ F = −kx ಒಂದೇ ಸಲ ಬರುತ್ತದೆ, ಪಕ್ಕದಲ್ಲಿ '6ನೇ ನಿಮಿಷ, ತಿದ್ದಿದ್ದು 16ರಲ್ಲಿ' ಎಂಬ ಗುರುತು. ಏಕಮಾನಕ್ಕೂ ಅಂಕಿಗೂ ಸಿಗದೆ ಉಳಿದ ಸಾಲು ಯಾವುದಾದರೂ ಇದ್ದರೆ, ಮೇಷ್ಟ್ರು ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇಟ್ಟು, ಮುಂದೆ ಒಂದು ಪ್ರಶ್ನಾರ್ಥಕ ಹಾಕಿರುತ್ತಾರೆ.