ಬರ್ ಗ್ರೈಂಡರ್ ಈಗಲೇ ಬೇಕಾ?

ಮಿಕ್ಸಿಯಲ್ಲಿ ಪುಡಿ ಮಾಡಿದ ನನ್ನ ಫ್ರೆಂಚ್ ಪ್ರೆಸ್ ಕಾಫಿ ಒಂದೇ ಗುಟುಕಿನಲ್ಲಿ ಹುಳಿಯೂ ಆಗಿತ್ತು, ಕಹಿಯೂ ಆಗಿತ್ತು. ತಪ್ಪು ಬೀಜದ್ದಲ್ಲ. ಬ್ಲೇಡ್ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತೆ, ಅಳತೆ ನೋಡಲ್ಲ. ಧೂಳಿನಂಥ ಪುಡಿ ಬೇಗ ಕಹಿ ಬಿಡುತ್ತೆ. ದಪ್ಪ ತರಿಯಿಂದ ಹುಳಿ ಮಾತ್ರ ಇಳಿಯುತ್ತೆ. ಬರ್ ಗ್ರೈಂಡರ್‌ನಲ್ಲಿ ಹಲ್ಲಿರುವ ಎರಡು ಬಿಲ್ಲೆಗಳ ನಡುವಿನ ಅಂತರವೇ ಅಳತೆ.

ಹಾಗಂತ ಹೊಸಬರು ಈಗಲೇ ಕೊಳ್ಳಬೇಕಿಲ್ಲ. ನಾನು 20 ಗ್ರಾಂ ಬೀಜವನ್ನು ಎರಡೆರಡು ಸೆಕೆಂಡಿನಂತೆ ಎಂಟು ಸಲ ತಿರುಗಿಸಿದೆ, ನಡುನಡುವೆ ಜಾರ್ ಅಲುಗಾಡಿಸಿದೆ, ಸಣ್ಣ ಕಣ್ಣಿನ ಜರಡಿಯಲ್ಲಿ ಧೂಳು ತೆಗೆದೆ. ಕಹಿ ಬಹುಪಾಲು ಹೋಯ್ತು.

ಎಸ್ಪ್ರೆಸೊಗೆ ಮಾತ್ರ ಈ ಉಪಾಯ ನಡೆಯಲ್ಲ. ಪುಡಿ ಏರುಪೇರಾದರೆ ಒತ್ತಡದ ನೀರು ಸಡಿಲ ಜಾಗದಲ್ಲೇ ನುಗ್ಗುತ್ತೆ. ಫಿಲ್ಟರ್ ಕಾಫಿಗಾದರೆ ಅಂಗಡಿಯಲ್ಲೇ ಬೀಸಿಸಿ, ವಾರಕ್ಕಾಗುವಷ್ಟೇ ತನ್ನಿ.