ರಾಯದುರ್ಗ ಯಾಕೆ ಎಂಟು ಡಬ್ಬಿ ಆಗ್ತದೆ?

ಗಡಿಯ ಎರಡು ಊರುಗಳ ಹೆಸರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಗೇಮ್ ಚಾಟ್‌ನಲ್ಲಿ ‘ಮಡಕಶಿರ’ ಅಂತ ಬರೆದರೆ ಸಾಮಾನ್ಯವಾಗಿ ಆರು ಖಾಲಿ ಡಬ್ಬಿ, ‘ರಾಯದುರ್ಗ’ಕ್ಕೆ ಎಂಟು. ಯಾಕೆಂದರೆ ಗುಣಿತದ ಚಿಹ್ನೆ, ವಿರಾಮ ಸೇರಿ ಅಷ್ಟೇ ಯೂನಿಕೋಡ್ ಸಂಕೇತಗಳಿವೆ. ಅಂದರೆ ಪಠ್ಯ ಸರಿಯಾಗಿಯೇ ತಲುಪಿದೆ, ಫಾಂಟ್‌ನಲ್ಲಿ ಅಕ್ಷರದ ಚಿತ್ರ ಇಲ್ಲ ಅಷ್ಟೆ. ಡಬ್ಬಿ ಬದಲು ಪ್ರಶ್ನಾರ್ಥಕ ಚಿಹ್ನೆ ಬಂದರೆ ಪಠ್ಯವೇ ಕೆಟ್ಟಿರಬಹುದು. ಆಗ ಫಾಂಟ್ ಬದಲಿಸಿ ಪ್ರಯೋಜನವಿಲ್ಲ.

ಈ ಊರುಗಳಲ್ಲಿ ತೆಲುಗೂ ಬೇಕು, ಕನ್ನಡವೂ ಬೇಕು. ತೆಲುಗು ಕಾಣುವ ಗೇಮ್‌ನಲ್ಲಿ ಕನ್ನಡವೂ ಕಾಣಬೇಕಲ್ಲ ಅಂತ ಅನಿಸುತ್ತದೆ. ಆದರೆ ‘ಕ’ ಕನ್ನಡದಲ್ಲಿ U+0C95, ತೆಲುಗಿನಲ್ಲಿ U+0C15. ನೋಡಲು ಹತ್ತಿರ, ಸಂಕೇತ ಬೇರೆ.

ಪರಿಹಾರ ಹೀಗೆ: ಗೇಮ್ ಫೋಲ್ಡರಿನ .ttf ಕಡತದ ಪ್ರತಿ ತೆಗೆದಿಟ್ಟು, ಇಂಗ್ಲಿಷ್, ತೆಲುಗು, ಕನ್ನಡ ಮೂರೂ ಇರುವ ಫಾಂಟನ್ನು ಅದೇ ಹೆಸರಿನಲ್ಲಿ ಅಲ್ಲಿಡಬೇಕು. ಬರೀ ಕನ್ನಡದ ಫಾಂಟ್ ಇಟ್ಟರೆ ತೆಲುಗು ಡಬ್ಬಿಯಾಗ್ತದೆ. ಅಕ್ಷರಗಳು ಚಿತ್ರದ ಹಾಳೆಯಲ್ಲಿ ಅಚ್ಚಾಗಿರುವ ಗೇಮ್‌ಗಳಲ್ಲಿ ಈ ಉಪಾಯ ನಡೆಯೋದಿಲ್ಲ.

ಆಮೇಲೆ ‘ರಾಯದುರ್ಗ’ ಬರೆದು ನೋಡಿ. ‘ಗ’ದ ಮುಂದೆ ಅರ್ಕಾವತ್ತು ಬಂದರೆ ಕೆಲಸ ಆಯಿತು. ‘ರ್‌’ ಒಂದು ಕಡೆ, ‘ಗ’ ಒಂದು ಕಡೆ ನಿಂತರೆ ಸಾಮಾನ್ಯವಾಗಿ ಫಾಂಟಿನ ತಪ್ಪಲ್ಲ; ಅಕ್ಷರ ಜೋಡಿಸುವ ಹಾರ್ಫ್‌ಬಝ್‌ನಂಥ ತಂತ್ರಾಂಶ ಗೇಮ್‌ನಲ್ಲಿಲ್ಲ. ಅದನ್ನು ಗೇಮ್ ತಯಾರಿಸಿದವರೇ ಸೇರಿಸಬೇಕು.

ಕೊನೆಗೊಂದು ಮಾತು: ಈ ಬದಲಾವಣೆ ನಿಮ್ಮ ಪರದೆಗೆ ಮಾತ್ರ. ಆ ಕಡೆಯ ಗೆಳೆಯರೂ ಫಾಂಟ್ ಬದಲಿಸುವವರೆಗೆ ಅವರಿಗೆ ಡಬ್ಬಿಗಳೇ ಕಾಣೋದು.